ಬಾಕಿ ಕೇಳುವ ಇಂಗ್ಲಿಷ್ ಪತ್ರ: ವಿನಯ ಎಷ್ಟು, ಬಿಗಿ ಎಲ್ಲಿ?

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಸಣ್ಣ ವರ್ಕ್‌ಶಾಪ್ ಇದೆ ಎಂದುಕೊಳ್ಳೋಣ. ಪುಣೆಯ ಗ್ರಾಹಕರಿಗೆ ಜೂನ್ 3ರಂದು ಮಾಲು ತಲುಪಿದೆ. ಬಿಲ್ಲಿನ ಮೊತ್ತ 86,400 ರೂಪಾಯಿ. ಆರ್ಡರ್‌ನಲ್ಲಿ ಬರೆದಂತೆ 30 ದಿನದಲ್ಲಿ, ಅಂದರೆ ಜುಲೈ 3ಕ್ಕೆ, ಹಣ ಬರಬೇಕಿತ್ತು, ಬಂದಿಲ್ಲ. ಜುಲೈ 14ರಂದು ಮಾಲೀಕರು ಕನ್ನಡದಲ್ಲಿ ನಾಲ್ಕು ಸಾಲು ಬರೆದು, ಇಂಗ್ಲಿಷ್ ಮಾಡಿ ಕಳಿಸಲು ಲೆಕ್ಕಪತ್ರ ನೋಡುವವರ ಕೈಗೆ ಕೊಡುತ್ತಾರೆ:

“ನಮಸ್ಕಾರ ಸರ್. ಜೂನ್ ತಿಂಗಳ ಬಿಲ್ಲಿನ ಹಣ ಇನ್ನೂ ಬಂದಿಲ್ಲ. 3ನೇ ತಾರೀಕಿಗೇ ಕೊಡಬೇಕಾಗಿತ್ತು. ತಾವು ಇತ್ತ ಗಮನ ಹರಿಸಿ ಆದಷ್ಟು ಬೇಗ ಪಾವತಿ ಮಾಡಿಕೊಡಬೇಕಾಗಿ ವಿನಂತಿ. ನಾವೂ ಸ್ಟೀಲಿನವರಿಗೆ ಕೊಡಬೇಕಾಗಿದೆ, ತಪ್ಪು ತಿಳಿಯಬೇಡಿ.”

ಕನ್ನಡದಲ್ಲಿ ಇದು ಹದವಾದ ಪತ್ರ. ಸಲುಗೆಯೂ ಇದೆ, ಒತ್ತಾಯವೂ ಇದೆ. ಇದನ್ನೇ ಪದಕ್ಕೆ ಪದ ಇಟ್ಟು ಇಂಗ್ಲಿಷಿಗೆ ತಂದರೆ ಒಂದು ಸಾಲು ಜಗಳಕ್ಕೆ ನಿಂತಂತೆ, ಮುಂದಿನದು ಅಂಗಲಾಚಿದಂತೆ ಕೇಳಿಸುತ್ತದೆ.

ಜಗಳದ ದನಿ ಬರುವುದು “ಕೊಡಬೇಕಾಗಿತ್ತು” ಎಂಬಲ್ಲಿ. ಕನ್ನಡದ ಈ ಮಾತಿನಲ್ಲಿ ಯಾರು ಕೊಡಬೇಕಾಗಿತ್ತು ಎಂದು ಹೆಸರಿಸಿಲ್ಲ. ಇಂಗ್ಲಿಷ್ ವಾಕ್ಯಕ್ಕೆ ಕರ್ತೃ ಬೇಕಲ್ಲವೇ ಎಂದು ಅನುವಾದಕರು ‘ಯೂ ಶುಡ್ ಹ್ಯಾವ್ ಪೇಯ್ಡ್’ ಎಂದು ಬರೆದುಬಿಡುತ್ತಾರೆ. ಅದು ಎದುರಿನವರತ್ತ ಬೆರಳು ತೋರಿಸಿದಂತೆ. ‘ಯೂ ಹ್ಯಾವ್ ನಾಟ್ ಪೇಯ್ಡ್’ ಕೂಡ ಹಾಗೆಯೇ. “ಹಣ ಬಂದಿಲ್ಲ” ಎನ್ನುವಾಗ ಕನ್ನಡ ಹಣವನ್ನೇ ಕರ್ತೃವಾಗಿಸುತ್ತದೆ. ಇಂಗ್ಲಿಷಿನಲ್ಲೂ ಆ ಜಾಗದಲ್ಲಿ ಬಿಲ್ಲನ್ನೋ ಪಾವತಿಯನ್ನೋ ಕೂರಿಸಬಹುದು: ‘ದ ಪೇಮೆಂಟ್ ವಾಸ್ ಡ್ಯೂ ಆನ್ 3 ಜುಲೈ.’ ಆಪಾದನೆ ಹೋಗಿ ಗಡುವು ಉಳಿಯುತ್ತದೆ.

ಅಂಗಲಾಚುವ ದನಿ ಬರುವುದು ಕೊನೆಯ ಎರಡು ಸಾಲುಗಳಲ್ಲಿ. ತಾವು, ಹರಿಸಿ, ಮಾಡಿಕೊಡಬೇಕಾಗಿ ವಿನಂತಿ ಎಂದು ಕನ್ನಡದ ಮರ್ಯಾದೆ ಸರ್ವನಾಮದಲ್ಲೂ ಕ್ರಿಯಾಪದದಲ್ಲೂ ಹರಡಿಕೊಂಡಿರುತ್ತದೆ. ಅದಷ್ಟನ್ನೂ ತರಲು ಹೋಗಿ ‘ಕೈಂಡ್ಲಿ’, ‘ಹಂಬ್ಲಿ ರಿಕ್ವೆಸ್ಟ್’, ‘ಡು ದ ನೀಡ್‌ಫುಲ್’ ಎಂದು ಪೇರಿಸಿದರೆ, ನ್ಯಾಯವಾಗಿ ಬರಬೇಕಾದ ಹಣ ಸಹಾಯಧನದ ಅರ್ಜಿಯಂತಾಗುತ್ತದೆ. ಒಂದು ‘ಪ್ಲೀಸ್’ ಸಾಕು. ಸ್ಟೀಲಿನವರ ಮಾತಂತೂ ಇಂಗ್ಲಿಷಿಗೆ ಬರಲೇಬಾರದು. ಪರಿಚಯಸ್ಥರ ನಡುವೆ ಅದು ಆತ್ಮೀಯತೆ. ಪುಣೆಯ ಅಕೌಂಟ್ಸ್ ವಿಭಾಗದವರಿಗೆ ಮಾತ್ರ, ಮಾಲೀಕರಿಗೆ ಕಷ್ಟವಿದೆ ಎಂದು ಹಣ ಕೇಳುತ್ತಿದ್ದಾರೆ ಎನಿಸುತ್ತದೆ. ಕೇಳುತ್ತಿರುವುದು ಮಾಲು ತಲುಪಿದ್ದಕ್ಕಾಗಿ, ಗಡುವು ಮೀರಿದ್ದಕ್ಕಾಗಿ. “ತಪ್ಪು ತಿಳಿಯಬೇಡಿ” ಎಂಬ ಕ್ಷಮಾಪಣೆಯೂ ಬೇಕಿಲ್ಲ.

ಹಾಗಾದರೆ ಬಿಗಿ ಎಲ್ಲಿಂದ ಬರಬೇಕು? ತಾರೀಕಿನಿಂದ. “ಆದಷ್ಟು ಬೇಗ” ಎಂಬುದನ್ನು ‘ಅಟ್ ದ ಅರ್ಲಿಯೆಸ್ಟ್’ ಎಂದರೆ ಓದಿದವರಿಗೆ ಅದು ನಾಳೆಯೂ ಆಗಬಹುದು, ದೀಪಾವಳಿಯೂ ಆಗಬಹುದು. ಇಲ್ಲಿ ಅನುವಾದಕರು ಊಹಿಸಬಾರದು. ಯಾವತ್ತಿನೊಳಗೆ ಎಂದು ಮಾಲೀಕರನ್ನೇ ಕೇಳಿ ದಿನ ಬರೆಯಬೇಕು. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಬೇಕು, ಏಕೆಂದರೆ 7/8 ಎಂದರೆ ನಮಗೆ ಆಗಸ್ಟ್ 7, ಅಮೆರಿಕದವರಿಗೆ ಜುಲೈ 8.

ಇಷ್ಟನ್ನು ಇಟ್ಟುಕೊಂಡು ಬರೆದರೆ ಪತ್ರ ಹೀಗಾಗುತ್ತದೆ: ‘ಪೇಮೆಂಟ್ ಆಫ್ 86,400 ರುಪೀಸ್ ಫಾರ್ ಅವರ್ ಜೂನ್ ಇನ್‌ವಾಯ್ಸ್ ವಾಸ್ ಡ್ಯೂ ಆನ್ 3 ಜುಲೈ. ವಿ ಹ್ಯಾವ್ ನಾಟ್ ಯೆಟ್ ರಿಸೀವ್ಡ್ ಇಟ್. ಪ್ಲೀಸ್ ಅರೇಂಜ್ ದ ಟ್ರಾನ್ಸ್‌ಫರ್ ಬೈ 25 ಜುಲೈ. ಇಫ್ ಯೂ ಹ್ಯಾವ್ ಎನಿ ಕ್ವೆರಿ ಆನ್ ದ ಇನ್‌ವಾಯ್ಸ್, ಪ್ಲೀಸ್ ಲೆಟ್ ಅಸ್ ನೋ ಬೈ 18 ಜುಲೈ.’ ಕೊನೆಯ ಸಾಲು ಮೂಲದಲ್ಲಿಲ್ಲ, ಮಾಲೀಕರ ಒಪ್ಪಿಗೆ ಪಡೆದು ಸೇರಿಸಿದ್ದು. ನೋಡಲು ಸೌಜನ್ಯದ ಮಾತು. ಆದರೆ 25ರಂದು “ಬಿಲ್ಲಿನಲ್ಲಿ ಏನೋ ಸಮಸ್ಯೆಯಿತ್ತು” ಎನ್ನುವ ನೆಪಕ್ಕೆ ಅದು ಮುಂಚೆಯೇ ಅಡ್ಡ ನಿಲ್ಲುತ್ತದೆ.

ಆ ಗಡುವೂ ಮೀರಿದರೆ ಮುಂದಿನ ಪತ್ರದಲ್ಲಿ ದನಿ ಏರಿಸುವ ಬದಲು ಕಾಯ್ದೆಯನ್ನು ಹೆಸರಿಸಬಹುದು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಒಪ್ಪಿದ ದಿನದೊಳಗೆ ಹಣ ಕೊಡಬೇಕು. ಆ ಅವಧಿ 45 ದಿನ ಮೀರುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕೆಂದು 16ನೇ ಸೆಕ್ಷನ್ ಹೇಳುತ್ತದೆ. ‘ವಿ ವಿಲ್ ಟೇಕ್ ಲೀಗಲ್ ಆಕ್ಷನ್’ ಎಂಬ ಗುಡುಗಿಗಿಂತ ‘ಇಂಟರೆಸ್ಟ್ ಅಂಡರ್ ಸೆಕ್ಷನ್ 16 ಅಪ್ಲೈಸ್ ಫ್ರಮ್ ದ ಡ್ಯೂ ಡೇಟ್’ ಎಂಬ ತಣ್ಣನೆಯ ಸಾಲಿಗೆ ತೂಕ ಹೆಚ್ಚು. ಆದರೆ ಮಾಲು ಕೊಡುವ ಮೊದಲೇ ಉದ್ಯಮ್ ನೋಂದಣಿ ಆಗಿದ್ದವರು ಮಾತ್ರ ಇದನ್ನು ಬರೆಯಲಿ. ವಿದೇಶದ ಗ್ರಾಹಕರಿಗೆ ಬರೆಯುವಾಗ ಒಪ್ಪಂದದಲ್ಲಿರುವ ಷರತ್ತನ್ನೇ ಅದರ ಸಂಖ್ಯೆಯೊಂದಿಗೆ ಉಲ್ಲೇಖಿಸುವುದು ಮೇಲು.