ಚಿತ್ರವೀಣೆಯ ಎರವಲು ವಂಶಾವಳಿ

ಮೈಸೂರು ಆಸ್ಥಾನದಲ್ಲಿ ವಿದ್ವಾಂಸರಾಗಿದ್ದ ನಾರಾಯಣ ಅಯ್ಯಂಗಾರ್ಯರನ್ನು ಸಂಗೀತಲೋಕ ಗುರುತಿಸಿದ್ದು ಗೋಟುವಾದ್ಯಂ ನಾರಾಯಣ ಅಯ್ಯಂಗಾರ್ ಎಂದು. 1967ರಲ್ಲಿ ಮೈಸೂರಿನಲ್ಲೇ ಹುಟ್ಟಿದ ಅವರ ಮೊಮ್ಮಗ ಎನ್. ರವಿಕಿರಣ್ ಹೆಸರಿನ ಹಿಂದೆ ಬಂದದ್ದು ‘ಚಿತ್ರವೀಣಾ’. ಮನೆತನ ಒಂದೇ, ವಾದ್ಯವೂ ಒಂದೇ, ಹೆಸರು ಮಾತ್ರ ಬೇರೆ. ಇಂದು ಕಛೇರಿಯ ಆಮಂತ್ರಣಗಳಲ್ಲಿ ಹಳೆಯ ಹೆಸರು ಹೆಚ್ಚುಕಡಿಮೆ ಮರೆಯಾಗಿದೆ. ಅದು ಮರೆಯಾಗಬಾರದಿತ್ತು. ಹೊಸ ಹೆಸರು ತನ್ನದಲ್ಲದ ವಂಶವೊಂದನ್ನು ಹೇಳಿಕೊಂಡರೆ, ಹಳೆಯದು ವಾದ್ಯದ ಗುಟ್ಟನ್ನೇ ಹೇಳುತ್ತಿತ್ತು.

ಆ ಗುಟ್ಟು ಎಡಗೈಯಲ್ಲಿದೆ. ಈ ವಾದ್ಯಕ್ಕೆ ನಮ್ಮ ಸರಸ್ವತಿ ವೀಣೆಯ ಇಪ್ಪತ್ನಾಲ್ಕು ಮೆಟ್ಟಿಲುಗಳಿಲ್ಲ. ಬಲಗೈ ಬೆರಳು ತಂತಿಯನ್ನು ಮೀಟಿದರೆ, ಎಡಗೈ ನುಣುಪಾದ ಗೋಟೊಂದನ್ನು ತಂತಿಯ ಮೇಲೆ ಜಾರಿಸುತ್ತದೆ. ಈ ಗೋಟು ಕರಿಮರದ್ದಿರಬಹುದು, ಕೊಂಬಿನದ್ದಿರಬಹುದು; ಈಚೆಗೆ ಟೆಫ್ಲಾನಿನದೂ ಬಂದಿದೆ. ವೀಣೆಯಲ್ಲಿ ತಂತಿಯನ್ನು ಮೆಟ್ಟಿಲ ಮೇಲೆ ಪಕ್ಕಕ್ಕೆ ಎಳೆದು ತೆಗೆಯುವ ಗಮಕ ಇಲ್ಲಿ ಗೋಟಿನ ಓಡಾಟದಿಂದಲೇ ಹುಟ್ಟಬೇಕು. ಬೆರಳಿಗೆ ಆಸರೆಯಾಗಲು ಮೆಟ್ಟಿಲಿಲ್ಲದ ಕಾರಣ ಗೋಟು ಕೂದಲೆಳೆಯಷ್ಟು ಆಚೀಚೆಯಾದರೂ ಅಪಸ್ವರ. ಹಗುರವಾಗಿ ಇಟ್ಟರೆ ತಂತಿ ಜಿರ್ರೆನ್ನುತ್ತದೆ, ಹೆಚ್ಚು ಒತ್ತಿದರೆ ಸ್ವರ ಏರುತ್ತದೆ. ಈ ಕಷ್ಟವನ್ನು ಒಳಗೊಂಡಿದ್ದ ಹೆಸರು ಗೋಟುವಾದ್ಯ. ತಿರುವಿಡೈಮರುದೂರಿನ ಸಖಾರಾಮ ರಾವ್ ಈ ವಾದ್ಯವನ್ನು ಮತ್ತೆ ಬೆಳಕಿಗೆ ತಂದವರು. ಗಾಯಕ ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್ ಈ ರಾಯರಲ್ಲಿ ಪಾಠ ಹೇಳಿಸಿಕೊಂಡಿದ್ದರು. ಮುಖ್ಯ ತಂತಿಗಳ ಅಡಿಯಲ್ಲಿ ಅನುರಣನದ ತಂತಿಗಳ ಸಾಲನ್ನು ಸೇರಿಸಿ ನಾದವನ್ನು ಹಿಗ್ಗಿಸಿದ ಕೀರ್ತಿ ನಾರಾಯಣ ಅಯ್ಯಂಗಾರ್ಯರದು.

ಹಾಗಾದರೆ ‘ಚಿತ್ರವೀಣೆ’ ಎಲ್ಲಿಂದ ಬಂತು? ಭರತನ ನಾಟ್ಯಶಾಸ್ತ್ರದಿಂದ. ಅಲ್ಲಿ ಏಳು ತಂತಿಯ ಚಿತ್ರಾ, ಒಂಬತ್ತು ತಂತಿಯ ವಿಪಂಚೀ ಎಂಬ ಎರಡು ವೀಣೆಗಳಿವೆ. ಆದರೆ ಆ ಕಾಲದ ವೀಣೆ ಹೇಗಿತ್ತೆಂದು ನೋಡಬೇಕಾದರೆ ಸಮುದ್ರಗುಪ್ತನ ಚಿನ್ನದ ನಾಣ್ಯ ಸಾಕು. ರಾಜನ ತೊಡೆಯ ಮೇಲಿರುವುದು ಬಿಲ್ಲಿನಂತೆ ಬಾಗಿದ ವಾದ್ಯ. ಅದರಲ್ಲಿ ಒಂದೊಂದು ತಂತಿಗೆ ಒಂದೊಂದು ಸ್ವರ. ತಂತಿಯುದ್ದಕ್ಕೂ ಏನನ್ನಾದರೂ ಜಾರಿಸಿ ಸ್ವರ ಬದಲಿಸಲು ಕೆಳಗೆ ದಂಡಿಯೇ ಇಲ್ಲ. ಗೋಟಿನ ಪೂರ್ವಜನನ್ನು ಹುಡುಕುವವರು ಹೋಗಬೇಕಾದದ್ದು ಹದಿಮೂರನೆಯ ಶತಮಾನದ ಶಾರ್ಙ್ಗದೇವನ ಬಳಿಗೆ. ಅವನ ಸಂಗೀತ ರತ್ನಾಕರದಲ್ಲಿ ಒಂಟಿ ತಂತಿಯ ಏಕತಂತ್ರೀ ವೀಣೆಯಿದೆ. ಅದನ್ನು ನುಡಿಸುವವನ ಎಡಗೈಯಲ್ಲಿ ಕಮ್ರಿಕಾ ಎಂಬ ಬಿದಿರಿನ ತುಂಡಿದೆ. ನಿಜವಾದ ಅಜ್ಜ ಇಷ್ಟು ಸ್ಪಷ್ಟವಾಗಿ ಕಾಣುತ್ತಿರುವಾಗ ಇನ್ನೂ ಹಳಬನೆಂಬ ಕಾರಣಕ್ಕೆ ಬೇರೆ ಮನೆಯವನನ್ನು ಅಜ್ಜನೆಂದದ್ದು ಏಕೆ?

ವೀಣೆ ಎಂಬುದು ಹಿಂದೆ ತಂತಿವಾದ್ಯಗಳಿಗೆಲ್ಲ ಇದ್ದ ಹೆಸರು, ಹಾಗಾಗಿ ತಪ್ಪೇನು ಎನ್ನಬಹುದು. ಒಪ್ಪೋಣ, ‘ವೀಣೆ’ಯ ಬಗ್ಗೆ ತಕರಾರಿಲ್ಲ, ತಕರಾರಿರುವುದು ‘ಚಿತ್ರ’ದ ಬಗ್ಗೆ. ಗೋಟು ಎಂಬುದು ಬರೀ ಸಲಕರಣೆ, ಅದರ ಹೆಸರಿನಲ್ಲಿ ವಾದ್ಯಕ್ಕೆ ಗೌರವವಿಲ್ಲ ಎಂಬ ಮಾತೂ ಇದೆ. ಆದರೆ ಅದೇ ಹೆಸರಿನಿಂದ ಅರಮನೆಯ ವಿದ್ವಾಂಸರ ಗೌರವಕ್ಕೆ ಕುಂದು ಬಂದಿರಲಿಲ್ಲ.

ಪ್ರೀತಿಯ ವಾದ್ಯಕ್ಕೆ ಹೆಸರಿಡುವ ಹಕ್ಕು ಕಲಾವಿದನದು ಎಂಬುದು ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಅಮೆರಿಕದ ಬಿ.ಬಿ. ಕಿಂಗ್ ತನ್ನ ಗಿಟಾರನ್ನು ಲೂಸಿಲ್ ಎಂದು ಕರೆದ. 1949ರ ಚಳಿಗಾಲದಲ್ಲಿ ಆರ್ಕನ್ಸಾದ ಟ್ವಿಸ್ಟ್ ಎಂಬ ಊರಿನ ಕುಣಿತದ ಮನೆಯಲ್ಲಿ ಇಬ್ಬರು ಹೊಡೆದಾಡಿ, ಚಳಿಗೆಂದು ಉರಿಸಿದ್ದ ಸೀಮೆಎಣ್ಣೆಯ ಡಬ್ಬವನ್ನು ಉರುಳಿಸಿದರು. ಹೊರಗೋಡಿ ಬಂದ ಕಿಂಗ್ ಗಿಟಾರಿಗಾಗಿ ಮತ್ತೆ ಬೆಂಕಿಯೊಳಗೆ ನುಗ್ಗಿದ. ಜಗಳ ಲೂಸಿಲ್ ಎಂಬ ಹೆಂಗಸಿಗಾಗಿ ನಡೆದದ್ದೆಂದು ಆಮೇಲೆ ತಿಳಿಯಿತು. ಇನ್ನೆಂದೂ ಅಂಥ ಹುಚ್ಚುತನ ಮಾಡಬಾರದೆಂಬ ಎಚ್ಚರಿಕೆಗೆ ಆ ಹೆಸರನ್ನೇ ಇಟ್ಟ. ಅದು ಅವನ ಗಿಟಾರು, ಅವನ ಮುದ್ದಿನ ಹೆಸರು; ಅದಕ್ಕೆ ಯಾರೂ ಪುರಾವೆ ಕೇಳಬೇಕಾಗಿಲ್ಲ. ಆದರೆ ಇಡೀ ವಾದ್ಯಜಾತಿಗೆ ಇಡುವ ಹೆಸರು ಮುಂದಿನ ವಿದ್ಯಾರ್ಥಿಯ ಪಠ್ಯಕ್ಕೂ ಸೇರುತ್ತದೆ. ‘ಮೋಹನ ವೀಣೆ’ಯ ಗೋಜಲನ್ನೇ ನೋಡಿ. ರಾಧಿಕಾ ಮೋಹನ ಮೈತ್ರ 1940ರ ದಶಕದಲ್ಲಿ ಸರೋದನ್ನು ಮಾರ್ಪಡಿಸಿ ಕಟ್ಟಿದ ವಾದ್ಯಕ್ಕೆ ಆ ಹೆಸರಿತ್ತು. ಮುಂದೆ ವಿಶ್ವಮೋಹನ ಭಟ್ಟರ ಸ್ಲೈಡ್ ಗಿಟಾರೂ ಅದೇ ಹೆಸರಿನಲ್ಲಿ ಜಗತ್ಪ್ರಸಿದ್ಧವಾಯಿತು. ಈಗ ಆ ಹೆಸರು ಹೇಳಿದರೆ ಮೈತ್ರರ ವಾದ್ಯವನ್ನು ನೆನೆಯುವವರು ವಿರಳ.

ಚಿತ್ರವೀಣೆ ಎಂಬ ಹೆಸರನ್ನು ಇನ್ನು ಅಳಿಸಲಾಗದು, ಅಳಿಸಬೇಕಾಗಿಯೂ ಇಲ್ಲ. ಅದರ ಹೆಸರಿನಲ್ಲಿ ದೊಡ್ಡ ಸಂಗೀತವೇ ನಡೆದುಹೋಗಿದೆ. ಆದರೆ ಆಮಂತ್ರಣ ಅಚ್ಚು ಹಾಕಿಸುವ ಸಭೆಗಳು, ಪಠ್ಯ ಬರೆಯುವ ವಿದ್ವಾಂಸರು ಅದರ ಪಕ್ಕದಲ್ಲಿ ಗೋಟುವಾದ್ಯ ಎಂದೂ ಬರೆಯಲಿ. ಭರತನಿಗೆ ಗೊತ್ತಿಲ್ಲದ ವಾದ್ಯಕ್ಕೆ ಅವನ ಸಾಕ್ಷಿ ಬೇಡ, ಶಾರ್ಙ್ಗದೇವನ ಬಿದಿರಿನ ತುಂಡೇ ಸಾಕು.