ಹುಟ್ಟಿದ ದಿನಾಂಕದ ಸಾಲು

ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಕೊಬ್ಬರಿ ಮಂಡಿಯ ಹಿಂದಿನ ರಸ್ತೆಯಲ್ಲೊಂದು ಖಾಸಗಿ ಶಾಲೆ. ಎಲ್‌ಕೆಜಿಯಿಂದ 7ನೇ ತರಗತಿವರೆಗೆ ಇಂಗ್ಲಿಷ್ ಮಾಧ್ಯಮ, ರಾಜ್ಯ ಪಠ್ಯಕ್ರಮ. ಪ್ರತಿ ವರ್ಷ ಫೆಬ್ರುವರಿ ಹತ್ತಿರ ಬಂದಾಗ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಕನ್ನಡ ಟೀಚರನ್ನು ಕಚೇರಿಗೆ ಕರೆಸಿ, ‘ಮೇಡಂ, ಅಡ್ಮಿಷನ್ನಿಂದು ನಾಲ್ಕು ಸಾಲು ಬರೆದುಕೊಡಿ’ ಅನ್ನುತ್ತಾರೆ. ಆ ನಾಲ್ಕು ಸಾಲು ಶಾಲೆಯ ಫೋಟೊ ಕೆಳಗೆ ಕೂತು ವಾಟ್ಸ್‌ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಊರು ಸುತ್ತುತ್ತದೆ, ಅದೇ ಬರಹ ಬಸ್ ನಿಲ್ದಾಣದ ಫ್ಲೆಕ್ಸಿಗೂ ಹೋಗುತ್ತದೆ. ನಾನು ಹೋದದ್ದು ಶಾಲೆ ನೋಡಲು ಅಲ್ಲ. ಟೀಚರ್ ಬರೆಯುವ ಆ ಸಾಲುಗಳಲ್ಲಿ ಒಂದನ್ನು ನೋಡಿ ಅವರನ್ನು ಹುಡುಕಿಕೊಂಡು ಹೋದೆ.

‘2021ರ ಜೂನ್ 1 ಅಥವಾ ಅದಕ್ಕೂ ಮೊದಲು ಹುಟ್ಟಿದ ಮಗುವಿಗೆ ಎಲ್‌ಕೆಜಿ.’ ಇದೇ ಆ ಸಾಲು.

ಸುತ್ತಮುತ್ತಲ ಹತ್ತು ಶಾಲೆಗಳ ಫ್ಲೆಕ್ಸ್ ನೋಡಿದರೆ ಈ ಸಾಲು ಸಿಗುವುದಿಲ್ಲ. ಒಂದಷ್ಟರಲ್ಲಿ ‘ಇಲಾಖೆಯ ನಿಯಮದಂತೆ ವಯೋಮಿತಿ’ ಎಂದಿರುತ್ತದೆ, ಉಳಿದವುಗಳಲ್ಲಿ ಅದೂ ಇಲ್ಲ. 1ನೇ ತರಗತಿಗೆ ಸೇರುವ ಮಗುವಿಗೆ ಆ ವರ್ಷದ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂದು ಸರ್ಕಾರ 2022ರಲ್ಲಿ ಆದೇಶ ಮಾಡಿತು. ಆಗಲೇ ಎಲ್‌ಕೆಜಿ ಸೇರಿಬಿಟ್ಟಿದ್ದ ಮಕ್ಕಳಿಗೆ ತೊಂದರೆಯಾಗುತ್ತದೆಂದು ಜಾರಿಯನ್ನು 2025–26ಕ್ಕೆ ಮುಂದೂಡಿತು. ಅದೇ ಲೆಕ್ಕದಲ್ಲಿ ಎಲ್‌ಕೆಜಿಗೆ 4 ತುಂಬಿರಬೇಕು. ‘4 ವರ್ಷ ತುಂಬಿರಬೇಕು’ ಎಂದು ಬರೆದರೆ ಮುಗಿಯಿತಲ್ಲ ಎಂದು ಕೇಳಿದೆ. ಟೀಚರ್ ನಕ್ಕರು. ‘ಯಾವತ್ತಿಗೆ ತುಂಬಿರಬೇಕು ಸಾರ್? ಅರ್ಜಿ ಹಾಕೋ ದಿನಕ್ಕಾ, ಶಾಲೆ ಶುರುವಾಗೋ ದಿನಕ್ಕಾ? ಆಗಸ್ಟಲ್ಲಿ ಹುಟ್ಟಿದ ಮಗುವಿನ ತಾಯಿ ಫೆಬ್ರುವರಿಯಲ್ಲಿ ಬೆರಳು ಮಡಚಿ ಲೆಕ್ಕ ಹಾಕ್ತಾಳೆ. ತಪ್ಪುತ್ತೆ. ರಜೆ ಹಾಕಿ, ಹಳ್ಳಿಯಿಂದ ಬಸ್ ಹತ್ತಿ ಬರ್ತಾಳೆ. ಇಲ್ಲಿ ನಾವು ಆಗಲ್ಲಮ್ಮಾ ಅಂತೀವಿ. ಆ ಲೆಕ್ಕ ನಾನೇ ಹಾಕಿಬಿಟ್ಟರೆ ಏನು ಗಂಟು ಹೋಗುತ್ತೆ?’

ಈ ಬರಹದಲ್ಲಿ ಅಕ್ಕರೆ ಎಲ್ಲಿದೆ ಎಂದು ಕೇಳಿದರೆ ನಾನು ತೋರಿಸುವುದು ಈ ಸಾಲನ್ನೇ. ‘ನಿಮ್ಮ ಮಗುವಿನ ಉಜ್ವಲ ಭವಿಷ್ಯಕ್ಕಾಗಿ’ ಎಂಬ ಮಾತು ಎಲ್ಲ ಫ್ಲೆಕ್ಸಿನಲ್ಲೂ ಇದೆ, ಅದನ್ನು ಓದಿ ಯಾರೂ ಬಸ್ ಚಾರ್ಜು ಉಳಿಸಿಕೊಂಡಿಲ್ಲ.

ಶಾಲೆಯ ಹಳೆಯ ಕಥೆ ಹೇಳಿದವರು ಮಂಡಳಿಯ ಹಿರಿಯ ಸದಸ್ಯರೊಬ್ಬರು. ಮೊದಮೊದಲು ಧ್ವನಿವರ್ಧಕ ಕಟ್ಟಿದ ಆಟೋ ಸಂತೆಯ ದಿನ ಊರು ಸುತ್ತುತ್ತಿತ್ತಂತೆ. ಆಮೇಲೆ ಗುಲಾಬಿ ಬಣ್ಣದ ಕರಪತ್ರ ಬಂತು, ಪೇಪರ್ ಹಾಕುವ ಹುಡುಗನಿಗೆ ಒಂದಿಷ್ಟು ಕಾಸು ಕೊಟ್ಟರೆ ದಿನಪತ್ರಿಕೆಯ ಮಡಿಕೆಯೊಳಗೆ ಇಟ್ಟು ಮನೆ ಮನೆಗೆ ತಲುಪಿಸುತ್ತಿದ್ದ. ನಂತರ ಕೇಬಲ್ ಟಿವಿಯ ಅಡಿಯಲ್ಲಿ ಓಡುವ ಸಾಲು. ‘ಆಟೋದಲ್ಲಿ ಕೂಗುವಾಗ ಇಷ್ಟೆಲ್ಲ ಹೇಳಕ್ಕಾಯ್ತಿರಲಿಲ್ಲ. ಶಾಲೆ ಹೆಸರು, ಮೇಷ್ಟ್ರ ಹೆಸರು, ಬನ್ನಿ, ಅಷ್ಟೇ’ ಎಂದರು. ಮೇಷ್ಟ್ರ ಹೆಸರೇ ಸಾಕಾಗುತ್ತಿದ್ದ ಕಾಲ. ಆ ಕಾಲದ ಬಗ್ಗೆ ಅವರಿಂದ ಇನ್ನೇನೂ ಹೊರಡಲಿಲ್ಲ, ಮಾತು ಕೊಬ್ಬರಿ ಧಾರಣೆಯ ಕಡೆ ತಿರುಗಿತು.

ಮತ್ತೆ ಟೀಚರ ಮೇಜಿಗೆ ಬರೋಣ. ಕಾರ್ಯದರ್ಶಿಗಳು ಕೊಟ್ಟಿದ್ದ ಮೊದಲ ಕರಡು ಅವರ ನೋಟ್‌ಬುಕ್ಕಿನಲ್ಲಿ ಇನ್ನೂ ಇದೆ. ‘ಪ್ರವೇಶ ಪ್ರಾರಂಭ! ಪ್ರವೇಶ ಪ್ರಾರಂಭ! ವಿಶ್ವದರ್ಜೆಯ ಶಿಕ್ಷಣ, ಸಿಬಿಎಸ್‌ಇ ಮಾದರಿಯ ಬೋಧನೆ, ಸೀಟುಗಳು ಸೀಮಿತ, ಸಂದರ್ಶನಕ್ಕೆ ಮಗುವಿನೊಂದಿಗೆ ಬನ್ನಿ.’ ಕೆಂಪು ಇಂಕಿನಲ್ಲಿ ಬಹುಪಾಲು ಹೊಡೆದುಹಾಕಿದ್ದಾರೆ. ಯಾವುದನ್ನು ಯಾಕೆ ಹೊಡೆದರು ಎಂಬುದರಲ್ಲೇ ಈ ಕೆಲಸದ ಒಳಗುಟ್ಟಿದೆ.

ಮೊದಲು ಹೋದದ್ದು ಎರಡು ಸಲ ಬಂದ ‘ಪ್ರವೇಶ ಪ್ರಾರಂಭ’. ಇನ್‌ಸ್ಟಾಗ್ರಾಂನಲ್ಲಿ ಫೋಟೊ ಕೆಳಗೆ 2200 ಅಕ್ಷರದವರೆಗೆ ಬರೆಯಬಹುದು. ಆದರೆ ಬೆರಳು ಒತ್ತದೆ ಕಣ್ಣಿಗೆ ಬೀಳುವುದು ಸುಮಾರು 125 ಮಾತ್ರ, ಉಳಿದದ್ದು ಮಡಚಿಕೊಳ್ಳುತ್ತದೆ. ಕನ್ನಡಕ್ಕೆ ಇಲ್ಲೊಂದು ಪೇಚಿದೆ. ಒತ್ತು, ಕೊಂಬು, ಇಳಿ, ದೀರ್ಘ ಎಲ್ಲವನ್ನೂ ಫೋನು ಬೇರೆ ಬೇರೆಯಾಗಿ ಎಣಿಸುತ್ತದೆ. ‘ಪ್ರವೇಶ ಪ್ರಾರಂಭ’ ನಮ್ಮ ಕಣ್ಣಿಗೆ ಆರು ಅಕ್ಷರ, ನಡುವಿನ ಜಾಗವೂ ಸೇರಿ ಫೋನಿನ ಲೆಕ್ಕಕ್ಕೆ 14. ಹಾಗಾಗಿ ಹೊಗಳಿಕೆಯನ್ನು ಮೊದಲಿಟ್ಟರೆ ದಿನಾಂಕ ಮಡಿಕೆಯೊಳಗೆ ಸಿಕ್ಕಿಕೊಳ್ಳುತ್ತದೆ. ಟೀಚರ್ ಮೊದಲ ಎರಡು ವಾಕ್ಯವನ್ನು ಆ ಲೆಕ್ಕದಲ್ಲಿ ನೂರರ ಆಸುಪಾಸಿಗೆ ನಿಲ್ಲಿಸುತ್ತಾರೆ. ಒಂದು ವಾಕ್ಯ ಮನಸ್ಸಿಗೆ, ಇನ್ನೊಂದು ಕ್ಯಾಲೆಂಡರಿಗೆ.

ಇನ್ನು ‘ಸಿಬಿಎಸ್‌ಇ ಮಾದರಿ’. ಇಲಾಖೆ ಶಾಲೆಗೆ ಮಾನ್ಯತೆ ಕೊಡುವಾಗ ಎಷ್ಟನೇ ತರಗತಿವರೆಗೆ, ಯಾವ ಮಾಧ್ಯಮ, ಯಾವ ಪಠ್ಯಕ್ರಮ ಎಂಬುದನ್ನೂ ನೋಡುತ್ತದೆ. 2023ರಲ್ಲಿ ಅನಧಿಕೃತ ಶಾಲೆಗಳ ಪಟ್ಟಿ ಮಾಡಿದಾಗ ನೋಂದಣಿಯೇ ಇಲ್ಲದವುಗಳ ಜೊತೆಗೆ, ರಾಜ್ಯ ಪಠ್ಯಕ್ರಮಕ್ಕೆ ಅನುಮತಿ ಪಡೆದು ಬೇರೆ ಪಠ್ಯಕ್ರಮ ಹೇಳಿಕೊಡುವ ಶಾಲೆಗಳೂ, ಅನುಮತಿ ಇಲ್ಲದ ಮೇಲಿನ ತರಗತಿ ನಡೆಸುವ ಶಾಲೆಗಳೂ ಲೆಕ್ಕಕ್ಕೆ ಬಂದವು. ‘ಮಾದರಿ’ ಎಂಬ ಒಂದು ಮಾತು ಸೇರಿಸಿದರೆ ಬರೆದವರು ಪಾರಾದೆವು ಅಂದುಕೊಳ್ಳಬಹುದು. ಓದುವ ತಂದೆಗೆ ಮಾತ್ರ ಸಿಬಿಎಸ್‌ಇ ಅಷ್ಟೇ ಕಾಣುತ್ತದೆ. ಟೀಚರ್ ಆ ಜಾಗದಲ್ಲಿ ‘ರಾಜ್ಯ ಪಠ್ಯಕ್ರಮ’ ಎಂದು ಬರೆದರು. ಕಾರ್ಯದರ್ಶಿಗಳಿಗೆ ಅದು ಸಪ್ಪೆ ಅನ್ನಿಸಿತಂತೆ.

ಸಂದರ್ಶನದ ಮಾತಿಗೆ ಕಾನೂನೇ ಅಡ್ಡ ಬರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ದಾಖಲಾತಿ ವೇಳೆ ಮಗುವನ್ನಾಗಲಿ ಪೋಷಕರನ್ನಾಗಲಿ ಸೋಸಿ ಆರಿಸುವುದನ್ನು ನಿಷೇಧಿಸಿದೆ. ಮೊದಲ ಸಲ ತಪ್ಪಿದರೆ 25,000 ರೂಪಾಯಿವರೆಗೆ ದಂಡ, ಆಮೇಲಿನ ಪ್ರತಿ ಸಲಕ್ಕೆ 50,000ದವರೆಗೆ. ಇದು ಬಹಳಷ್ಟು ಶಾಲೆಗಳಿಗೆ ಗೊತ್ತು. ಹಾಗಾಗಿ ‘ಸಂದರ್ಶನ’ ಹೋಗಿ ‘ಸಂವಾದ’, ‘ಭೇಟಿ’ ಬಂದಿವೆ. ಮಗು ಹೋಗಿ ಎ, ಬಿ, ಸಿ, ಡಿ ಒಪ್ಪಿಸಿ ಬರುವುದು ತಪ್ಪಿಲ್ಲ. ಟೀಚರ್ ಬರೆದದ್ದು ಮೂರೇ ಮಾತು: ‘ಮಗುವಿಗೆ ಪರೀಕ್ಷೆ ಇಲ್ಲ.’ ಈ ಮೂರು ಮಾತಿಗಾಗಿ ಮಂಡಳಿಯ ಸಭೆಯಲ್ಲಿ ಕಾಲು ಗಂಟೆ ಜಗ್ಗಾಟವಾಯಿತಂತೆ. ಬರೆದ ಮೇಲೆ ಹಾಗೇ ನಡೆದುಕೊಳ್ಳಬೇಕಲ್ಲ!

‘ಸೀಟುಗಳು ಸೀಮಿತ’ ಹೋಗಿ ‘ಎಲ್‌ಕೆಜಿಯಲ್ಲಿ 40 ಮಕ್ಕಳಿಗೆ ಜಾಗ’ ಬಂತು. ಕೊನೆಗೆ ಕಳೆದ ವರ್ಷ, 2025ರ ಫೆಬ್ರುವರಿಯಲ್ಲಿ ಹೊರಟ ಬರಹ ಹೀಗಿತ್ತು:

‘ಜೂನ್‌ಗೆ ಹೊಸ ಪುಟಾಣಿಗಳಿಗಾಗಿ ಕಾಯುತ್ತಿದ್ದೇವೆ. 2025–26ರ ಎಲ್‌ಕೆಜಿ ಮತ್ತು 1ನೇ ತರಗತಿಗೆ ಅರ್ಜಿ ಫೆಬ್ರುವರಿ 10ರಿಂದ.

2021ರ ಜೂನ್ 1 ಅಥವಾ ಅದಕ್ಕೂ ಮೊದಲು ಹುಟ್ಟಿದ ಮಗುವಿಗೆ ಎಲ್‌ಕೆಜಿ. 2019ರ ಜೂನ್ 1 ಅಥವಾ ಅದಕ್ಕೂ ಮೊದಲು ಹುಟ್ಟಿದ ಮಗುವಿಗೆ 1ನೇ ತರಗತಿ. ಎಲ್‌ಕೆಜಿಯಲ್ಲಿ 40 ಮಕ್ಕಳಿಗೆ ಜಾಗ. ಮಗುವಿಗೆ ಪರೀಕ್ಷೆ ಇಲ್ಲ.

ಇಂಗ್ಲಿಷ್ ಮಾಧ್ಯಮ, ರಾಜ್ಯ ಪಠ್ಯಕ್ರಮ, 7ನೇ ತರಗತಿವರೆಗೆ ಮಾನ್ಯತೆ. ಜನನ ಪ್ರಮಾಣಪತ್ರದ ಜೆರಾಕ್ಸ್, ಎರಡು ಫೋಟೊ ತನ್ನಿ. ಪ್ರಮಾಣಪತ್ರ ಇನ್ನೂ ಕೈಗೆ ಬಂದಿಲ್ಲವೇ? ಹಾಗೆಯೇ ಬನ್ನಿ, ಏನು ಮಾಡಬೇಕೆಂದು ಹೇಳುತ್ತೇವೆ. ಕಚೇರಿ ಬೆಳಿಗ್ಗೆ 10ರಿಂದ ಸಂಜೆ 4, ಶನಿವಾರ ಮಧ್ಯಾಹ್ನದವರೆಗೆ. ಶುಲ್ಕದ ವಿವರ ಕಚೇರಿಯ ಫಲಕದಲ್ಲಿದೆ.’

ಕೆಳಗೆ ಫೋನ್ ನಂಬರು ಮತ್ತು 29ರಿಂದ ಶುರುವಾಗುವ 11 ಅಂಕಿಗಳ ಯುಡೈಸ್ ಸಂಖ್ಯೆ. ಆಧಾರ್ ಕೇಳಿಲ್ಲ ಎಂಬುದನ್ನು ಗಮನಿಸಿ. ಶಾಲಾ ದಾಖಲಾತಿಗೆ ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದು 2018ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ವಯಸ್ಸಿನ ದಾಖಲೆ ಇಲ್ಲವೆಂದು ಮಗುವನ್ನು ವಾಪಸ್ ಕಳಿಸಬಾರದು ಎಂಬುದೂ ಶಿಕ್ಷಣ ಹಕ್ಕು ಕಾಯ್ದೆಯಲ್ಲಿದೆ. ‘ಹಾಗೆಯೇ ಬನ್ನಿ’ ಎಂಬುದರ ಹಿಂದೆ ಅದೇ 14ನೇ ಕಲಂ ಕೂತಿದೆ, ಆದರೆ ಟೀಚರ್ ಕಲಂ ಸಂಖ್ಯೆ ಹಾಕುವ ಪೈಕಿ ಅಲ್ಲ. ಶುಲ್ಕದ ಮೊತ್ತವನ್ನೇ ಬರೆಯಬೇಕೆಂಬ ಅವರ ಆಸೆ ಮಾತ್ರ ಈಡೇರಿಲ್ಲ. ಪಕ್ಕದ ಶಾಲೆಯವರು ನೋಡುತ್ತಾರೆ ಎಂದು ಕಾರ್ಯದರ್ಶಿಗಳು ಬಿಲ್‌ಕುಲ್ ಒಪ್ಪಲಿಲ್ಲ. ನನಗಂತೂ ಟೀಚರ ಮಾತೇ ಸರಿ ಅನ್ನಿಸಿತು. ಪೋಷಕರು ಫೋನ್ ಮಾಡಿ ಮೊದಲು ಕೇಳುವುದು ಅದನ್ನೇ.

ಟೈಪ್ ಮಾಡುವ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡಿಟಿಪಿ ಅಂಗಡಿಯ ಹುಡುಗ ಹಳೆಯ ನುಡಿ ಫಾಂಟಿನಲ್ಲಿ ಹೊಡೆದದ್ದನ್ನು ಹಾಗೇ ವಾಟ್ಸ್‌ಆ್ಯಪಿಗೆ ಅಂಟಿಸಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ, ಯೂನಿಕೋಡಿಗೆ ಬದಲಾಯಿಸಿ ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಬೇಕು. ಫೋಟೊಗೆ ಮಕ್ಕಳ ಮುಖ ಬೇಕಾದರೆ ತಂದೆತಾಯಿಯ ಒಪ್ಪಿಗೆಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಸಹಿ ಸಿಗದ ವರ್ಷ ಹೊಂಗೆ ಮರದಡಿಯ ಜಾರುಬಂಡೆಯೇ ಗತಿ.

ಇಷ್ಟು ಹುಷಾರಾಗಿ ಬರೆದ ಬರಹವೂ ಕಳೆದ ವರ್ಷ ಕೈಕೊಟ್ಟಿತು, ಅದೂ ಅದರ ಅತಿ ಒಳ್ಳೆಯ ಸಾಲಿನಲ್ಲೇ. ಏಪ್ರಿಲ್ ಮಧ್ಯದಲ್ಲಿ ಸರ್ಕಾರ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಆ ಒಂದು ವರ್ಷದ ಮಟ್ಟಿಗೆ ವಯಸ್ಸನ್ನು ಸಡಿಲಿಸಿತು. ಯುಕೆಜಿ ಮುಗಿಸಿದ ಮಗುವಿಗೆ ಜೂನ್ 1ಕ್ಕೆ 5 ವರ್ಷ 5 ತಿಂಗಳಾಗಿದ್ದರೆ 1ನೇ ತರಗತಿಗೆ ಸೇರಿಸಬಹುದು ಎಂದಿತು. ಟೀಚರ್ ಲೆಕ್ಕ ಹಾಕಿದರು: 2019ರ ಜೂನ್ 1 ಇದ್ದದ್ದು ಈಗ 2020ರ ಜನವರಿ 1. ‘ನಿಯಮದಂತೆ ವಯೋಮಿತಿ’ ಎಂದು ಬರೆದಿದ್ದ ಶಾಲೆಗಳ ಫ್ಲೆಕ್ಸಿಗೆ ಏನೂ ಆಗಲಿಲ್ಲ. ಇವರ ಫ್ಲೆಕ್ಸಿನ ಸಾಲು ಮಾತ್ರ ರಾತ್ರೋರಾತ್ರಿ ಸುಳ್ಳಾಯಿತು. ಬಸ್ ನಿಲ್ದಾಣದಲ್ಲಿ ಏಣಿ ಹಾಕಿ ಹೊಸ ದಿನಾಂಕದ ಪಟ್ಟಿ ಅಂಟಿಸಿದರು. ಫೇಸ್‌ಬುಕ್ಕಿನಲ್ಲಿ ತಿದ್ದಿದರು. ವಾಟ್ಸ್‌ಆ್ಯಪಿನಲ್ಲಿ ಯಾರು ಯಾರಿಗೆ ಕಳಿಸಿದ್ದರೋ, ಅದನ್ನು ಹಿಂದಕ್ಕೆ ತರುವುದು ಹೇಗೆ? ಮೇ ಕೊನೆಯವರೆಗೂ ಫೋನ್ ಬರುತ್ತಲೇ ಇತ್ತು. ‘ಮೇಡಂ, ನಮ್ ಮಗೀದು ಸೆಪ್ಟೆಂಬರು. ನಿಮ್ ಮೆಸೇಜಲ್ಲಿ ಆಗಾಕಿಲ್ಲ ಅಂತ ಐತೆ, ಟಿವೀಲಿ ಆಯ್ತದೆ ಅಂತಾವ್ರೆ. ಯಾವ್ದು ನಿಜ?’

ಟೀಚರ್ ಅದರಿಂದ ಕಲಿತದ್ದು ಒಂದು ಸಣ್ಣ ಉಪಾಯ. ಇನ್ನು ಮುಂದೆ ಬರಹದ ಕೊನೆಗೆ ‘ಈ ಮಾಹಿತಿ ಇಂಥ ದಿನದವರೆಗಿನದು’ ಎಂದು ತಾರೀಖು ಹಾಕುವುದು. ದಿನಾಂಕದ ಸಾಲನ್ನೇ ತೆಗೆದುಬಿಡಿ ಎಂದು ಮಂಡಳಿಯಲ್ಲಿ ಒಬ್ಬರು ಹೇಳಿದ್ದಕ್ಕೆ ಅವರು ಒಪ್ಪಲಿಲ್ಲ.

ಆದರೆ ಅವರ ಒಪ್ಪಿಗೆ ಕೇಳುವ ಕಾಲವೂ ಮುಗಿಯುತ್ತಿರುವಂತಿದೆ. ಟೀಚರಿಗೆ ನಿವೃತ್ತಿ ಹತ್ತಿರವಾಗಿದೆ. ಪ್ರಚಾರದ ಕೆಲಸವನ್ನು ಬೆಂಗಳೂರಿನ ಏಜೆನ್ಸಿಯೊಂದಕ್ಕೆ ವಹಿಸಲು ಮಂಡಳಿ ಮಾತಾಡಿದೆ. ಅವರು ಮೂರು ಮಾದರಿ ಕಳಿಸಿದ್ದನ್ನು ಕಾರ್ಯದರ್ಶಿಗಳು ನನಗೂ ತೋರಿಸಿದರು. ಬಣ್ಣ ಚೆನ್ನಾಗಿದೆ, ಮಕ್ಕಳು ನಗುತ್ತಿದ್ದಾರೆ, ಯಾವ ಊರಿನ ಮಕ್ಕಳೋ. ಮೂರರಲ್ಲೂ ‘ಸೀಟುಗಳು ಸೀಮಿತ’ ಇದೆ, ಹುಟ್ಟಿದ ದಿನಾಂಕದ ಸಾಲಿಲ್ಲ. ಅದನ್ನು ಸೇರಿಸಿ ಎಂದು ಟೀಚರ್ ಚೀಟಿ ಬರೆದು ಕೊಟ್ಟಿದ್ದಾರಂತೆ. ಏಜೆನ್ಸಿಯಿಂದ ಇನ್ನೂ ಉತ್ತರ ಬಂದಿಲ್ಲ ಎಂದರು ಕಾರ್ಯದರ್ಶಿಗಳು. ಚೀಟಿಯನ್ನು ಕಳಿಸಿದ್ದೀರಾ ಸಾರ್ ಎಂದು ಕೇಳಿದ್ದಕ್ಕೆ, ‘ನೋಡೋಣ, ಮುಂದಿನ ವಾರ’ ಎಂದರು.