ಒಂದು ಗೆರೆ ಅಳಿಸಿದ್ದಕ್ಕೆ ಮರವೆಲ್ಲ ಕೆಂಪು

ಎಲ್ ಆಕಾರದ ಒಂದು ಸಣ್ಣ ಬ್ರ್ಯಾಕೆಟ್. ಅಡಿ 80 ಮಿ.ಮೀ. ಉದ್ದ, ನಿಂತ ಭಾಗ 60 ಮಿ.ಮೀ. ಎತ್ತರ, ತಗಡಿನ ದಪ್ಪ 6, ಅಗಲ 50. ಅಡಿಯಲ್ಲಿ ಬೋಲ್ಟಿಗೆ ಎರಡು ತೂತು, ಒಳಮೂಲೆಯಲ್ಲಿ ಒಂದು ದುಂಡು. ಸಾಲಿಡ್‌ವರ್ಕ್ಸ್‌ನಲ್ಲಿ ಇದನ್ನು ಬರೆಯುವುದು ಹತ್ತು ನಿಮಿಷದ ಕೆಲಸ. ತಿಂಗಳ ನಂತರ ಗ್ರಾಹಕರು ‘ನಿಂತ ಭಾಗದ ಬುಡದಲ್ಲಿ ಮೂರು ಮಿ.ಮೀ. ದಪ್ಪ ಹೆಚ್ಚಿಸಿ’ ಎಂದಾಗಲೇ ನಿಜವಾದ ಪರೀಕ್ಷೆ. ಮೊದಲ ಸ್ಕೆಚ್ಚಿಗೆ ಹೋಗಿ ಒಂದು ಗೆರೆ ಅಳಿಸಿ, ಮೆಟ್ಟಿಲಿನಂತೆ ಹೊಸದಾಗಿ ಎಳೆದು ಹೊರಬಂದರೆ ಪರದೆಯ ಎಡಬದಿಯಲ್ಲಿ ಕೆಂಪು, ಹಳದಿ ಗುರುತುಗಳು ಸಾಲಾಗಿ ನಿಂತಿರುತ್ತವೆ.

ಆ ಎಡಬದಿಯ ಪಟ್ಟಿಯೇ ಫೀಚರ್ ಟ್ರೀ. ಅದು ಭಾಗಗಳ ಪಟ್ಟಿಯಲ್ಲ, ಮಾಡಿದ ಕೆಲಸಗಳ ಕ್ರಮ. ನಮ್ಮ ಬ್ರ್ಯಾಕೆಟ್ಟಿನಲ್ಲಿ ಮೇಲಿನಿಂದ ಕೆಳಕ್ಕೆ `Boss-Extrude1`, `Cut-Extrude1`, `Mirror1`, `Fillet1` ಇವೆ. ಮೊದಲನೆಯದರ ಹೊಟ್ಟೆಯೊಳಗೆ `Sketch1`, ಅಂದರೆ ಎಲ್ ಆಕಾರದ ಆರು ಗೆರೆ. ಎರಡನೆಯದರೊಳಗೆ `Sketch2`, ಅಂದರೆ ತೂತಿನ ವೃತ್ತ. ಏನನ್ನಾದರೂ ಬದಲಿಸಿದಾಗ ಸಾಫ್ಟ್‌ವೇರ್ ಅಲ್ಲಿಂದ ಕೆಳಗಿನದ್ದನ್ನು ಒಂದೊಂದಾಗಿ ಹೊಸದಾಗಿ ಕಟ್ಟುತ್ತಾ ಬರುತ್ತದೆ. ಇದೇ ರೀಬಿಲ್ಡ್. ಹಾಗಾಗಿ ತಪ್ಪು ಹರಿಯುವುದು ಮೇಲಿನಿಂದ ಕೆಳಕ್ಕೆ ಮಾತ್ರ. ನಾಲ್ಕು ಗುರುತು ಕಂಡರೆ ನಾಲ್ಕು ತಪ್ಪಿವೆ ಎಂದು ಗಾಬರಿಯಾಗಬೇಕಿಲ್ಲ; ಎಲ್ಲಕ್ಕಿಂತ ಮೇಲಿನದನ್ನು ಸರಿಪಡಿಸಿದರೆ ಕೆಳಗಿನ ಕೆಲವು ತಾವಾಗಿಯೇ ಹೋಗುತ್ತವೆ.

ಅಷ್ಟಕ್ಕೂ ಅಳಿಸಿದ ಜಾಗದಲ್ಲೇ ಇನ್ನೊಂದು ಗೆರೆ ಎಳೆದರೂ ಯಾಕೆ ಕೆಡುತ್ತದೆ? ಪ್ರತಿ ಗೆರೆಗೂ ಒಳಗೊಳಗೇ ಒಂದು ಗುರುತಿನ ಸಂಖ್ಯೆ ಇರುತ್ತದೆ. ಗೆರೆಯನ್ನು ಎಕ್ಸ್‌ಟ್ರೂಡ್ ಮಾಡಿದಾಗ ಹುಟ್ಟುವ ಮುಖ, ಅಂಚುಗಳ ಗುರುತೂ ಅದರಿಂದಲೇ ಬರುತ್ತದೆ. ‘ದೊಡ್ಡ ಆಲದ ಮರದ ಎದುರು ಮನೆ’ ಎಂಬ ವಿಳಾಸವಿದ್ದು, ಆ ಮರ ಕಡಿದು ಪಕ್ಕದಲ್ಲಿ ಬೇರೆ ಗಿಡ ನೆಟ್ಟರೆ ಅಂಚೆಯವನಿಗೆ ಮನೆ ಸಿಗದು, ಇಲ್ಲೂ ಹಾಗೆಯೇ. ನಮ್ಮ ಕಣ್ಣಿಗೆ ಹೊಸ ಗೆರೆ ಹಳೆಯದರಂತೆಯೇ ಕಂಡರೂ ಸಾಫ್ಟ್‌ವೇರಿಗೆ ಅದು ಅಪರಿಚಿತ. ಗೆರೆಯ ಅಳತೆ ಬದಲಿಸಿದರೆ, ಎಳೆದು ಸರಿಸಿದರೆ ಗುರುತು ಉಳಿಯುತ್ತದೆ. ಅದಕ್ಕೇ ದಪ್ಪವನ್ನು 6ರಿಂದ 8ಕ್ಕೆ ಏರಿಸಿದಾಗ ಏನೂ ಆಗಿರುವುದಿಲ್ಲ.

ಫ್ರೀಕ್ಯಾಡ್ ಬಳಸುವವರಿಗೆ ಈ ತೊಂದರೆ ಇನ್ನೂ ಕೆಟ್ಟದಾಗಿ ಕಾಡಿತ್ತು. ಅಲ್ಲಿ ಅಂಚುಗಳಿಗೆ `Edge7` ಎಂಬಂತೆ ಬರೀ ಕ್ರಮಸಂಖ್ಯೆಯ ಹೆಸರು. ಸ್ಕೆಚ್ ಬದಲಾದರೆ ಸಂಖ್ಯೆಗಳು ಅದಲುಬದಲಾಗಿ, ಒಂದು ಅಂಚಿನ ದುಂಡು ಸದ್ದಿಲ್ಲದೆ ಇನ್ನೊಂದಕ್ಕೆ ಹೋಗಿ ಕೂರುತ್ತಿತ್ತು. 2024ರ ನವೆಂಬರಿನಲ್ಲಿ ಬಂದ 1.0 ಆವೃತ್ತಿ ಇದನ್ನು ಬಹುಮಟ್ಟಿಗೆ ತಗ್ಗಿಸಿತು.

ಈಗ ನಮ್ಮ ಬ್ರ್ಯಾಕೆಟ್ಟಿಗೆ ಬರೋಣ. ಅಳಿಸಿದ್ದು ಅಡಿಯ ಮೇಲ್ಮೈಯನ್ನು ಹುಟ್ಟಿಸಿದ ಗೆರೆ. ತೂತಿನ `Sketch2` ಕೂತಿದ್ದದ್ದು ಆ ಮೇಲ್ಮೈಯ ಮೇಲೆಯೇ. ತೂತಿನ ಕೇಂದ್ರ ತುದಿಯ ಅಂಚಿನಿಂದ 20 ಮಿ.ಮೀ. ಎಂದು ಅಳತೆ ಕೊಟ್ಟಿತ್ತು; ಮೇಲ್ಮೈಯೊಂದಿಗೆ ಆ ಅಂಚೂ ಹೋಯಿತು. ಒಳಮೂಲೆಯ ದುಂಡು ನಿಂತಿದ್ದ ಅಂಚಿನದೂ ಅದೇ ಕಥೆ. `Fillet1`ಗೆ ಕೆಲಸ ಮಾಡಲು ಅಂಚೇ ಇಲ್ಲ, ಅದಕ್ಕೆ ಕೆಂಪು. `Sketch2` ಮಾತ್ರ ಹಳದಿ ತ್ರಿಕೋನ ತೋರಿಸಿ ಸುಮ್ಮನಾಗುತ್ತದೆ.

ನನ್ನ ಮಟ್ಟಿಗೆ ಕೆಂಪಿಗಿಂತ ಈ ಹಳದಿಯೇ ಅಪಾಯಕಾರಿ. ಕೆಂಪು ಕಂಡರೆ ಯಾರಾದರೂ ನಿಲ್ಲುತ್ತಾರೆ. ಹಳದಿಯಿದ್ದರೆ ತೂತು ಕೊನೆಯ ಸಲ ಎಲ್ಲಿತ್ತೋ ಅಲ್ಲೇ ಉಳಿದು, ನೋಡಲು ಎಲ್ಲ ಸರಿಯಾಗಿಯೇ ಇರುತ್ತದೆ. ಆದರೆ ಅದರ ಅಳತೆ ಈಗ ಯಾವುದಕ್ಕೂ ಅಂಟಿಕೊಂಡಿಲ್ಲ. ಮುಂದೆ ಅಡಿಯ ಉದ್ದವನ್ನು 100ಕ್ಕೆ ಏರಿಸಿದರೆ ತೂತು ಜೊತೆಗೆ ಸರಿಯದೆ, ತುದಿಯಿಂದ 20ರ ಬದಲು 40 ಮಿ.ಮೀ. ದೂರದಲ್ಲಿ ಉಳಿದುಬಿಡುತ್ತದೆ. ಡ್ರಾಯಿಂಗ್ ಹಾಗೆಯೇ ಮಷೀನ್ ಶಾಪಿಗೆ ಹೋದರೆ ತೂತು ಬೀಳುವುದೂ ಅಲ್ಲೇ.

ಸರಿಪಡಿಸುವಾಗ ಮೊದಲು `What's Wrong` ಕಿಟಕಿಯನ್ನು ಮುಚ್ಚದೆ ಓದಬೇಕು. ಯಾವ ಫೀಚರ್, ಏನು ಕಳೆದುಕೊಂಡಿದೆ ಎಂದು ಅದು ಸಾಲುಸಾಲಾಗಿ ಹೇಳುತ್ತದೆ. ನಂತರ ಟ್ರೀಯ ಕೆಳಗಿರುವ ಅಡ್ಡಪಟ್ಟಿಯನ್ನು, ಅಂದರೆ ರೋಲ್‌ಬ್ಯಾಕ್ ಬಾರನ್ನು, ಎಳೆದು `Cut-Extrude1`ರ ಕೆಳಗೆ ತರುವುದು. ಅದರ ಕೆಳಗಿನದೆಲ್ಲ ಸದ್ಯಕ್ಕೆ ಇಲ್ಲದಂತಾಗಿ, ಒಂದೇ ತೊಂದರೆಯ ಮೇಲೆ ಗಮನವಿಡಬಹುದು.

`Sketch2` ಮೇಲೆ ಬಲಕ್ಲಿಕ್ ಮಾಡಿ `Edit Sketch Plane` ಆರಿಸಿದರೆ ಕಳೆದುಹೋದ ಮುಖದ ಬದಲು ಹೊಸದನ್ನು ತೋರಿಸಬಹುದು. ಈಗ ಮೇಲ್ಮೈ ಎರಡಾಗಿದೆ: ಬುಡದ 30 ಮಿ.ಮೀ. ಉದ್ದಕ್ಕೆ 9 ದಪ್ಪ, ಉಳಿದ 44 ಮಿ.ಮೀ. ಉದ್ದಕ್ಕೆ 6. ತೂತಿರುವುದು ತುದಿಯ ಕಡೆ, ಆದ್ದರಿಂದ ತಗ್ಗಿನದನ್ನು ಆರಿಸಬೇಕು. ಆಮೇಲೆ `Edit Sketch` ಒಳಗೆ ಹೋದರೆ ಅನಾಥವಾದ ಅಳತೆಗಳು ಉಳಿದವುಗಳಿಂದ ಬೇರೆಯಾಗಿ ಮಾಸಲು ಕಂದು ಬಣ್ಣದಲ್ಲಿ ಕಾಣುತ್ತವೆ. ಆ 20ರ ಅಳತೆಯನ್ನು ಒತ್ತಿದರೆ ಕಳಚಿಕೊಂಡ ತುದಿಯಲ್ಲಿ ಸಣ್ಣ ಕೆಂಪು ಹಿಡಿಕೆ ಮೂಡುತ್ತದೆ. ಅದನ್ನು ಹೊಸ ಅಂಚಿನ ಮೇಲೆ ಎಳೆದು ಬಿಟ್ಟರೆ ಬಣ್ಣ ಮರಳುತ್ತದೆ. ಪಕ್ಕದ ಅಂಚಿಗೆ ಕೊಟ್ಟ ಅಳತೆಯದೂ ಇದೇ ಕೆಲಸ. ಅಳತೆಯನ್ನು ಅಳಿಸಿ ಹೊಸದಾಗಿ ಹಾಕಿದರೂ ನಡೆಯುತ್ತದೆ, ಆದರೆ ಆ ಅಳತೆಯನ್ನು ನಂಬಿದ ಡ್ರಾಯಿಂಗೋ ಸಮೀಕರಣವೋ ಇದ್ದರೆ ಅಲ್ಲಿ ಹೊಸ ತೊಂದರೆ ಹುಟ್ಟುತ್ತದೆ.

ಬಾರನ್ನು `Mirror1`ರ ಕೆಳಕ್ಕೆ ಸರಿಸಿದರೆ ಅದು ತಂಟೆಯಿಲ್ಲದೆ ಕಟ್ಟಿಕೊಳ್ಳುತ್ತದೆ. ತೂತನ್ನು ಅದು ಪ್ರತಿಬಿಂಬಿಸುವುದು `Front Plane` ಮೇಲೆ. ಆ ಸಮತಲವನ್ನು ಯಾವ ಗೆರೆ ಅಳಿಸಿದರೂ ಕಳೆದುಕೊಳ್ಳುವಂತಿಲ್ಲ. ಕೊನೆಗೆ `Fillet1`. `Edit Feature` ತೆರೆದರೆ ಅಂಚುಗಳ ಪಟ್ಟಿಯಲ್ಲಿ ಕಳೆದುಹೋದದ್ದು `Missing` ಎಂದು ಕಾಣುತ್ತದೆ. ಅದನ್ನು ತೆಗೆದು ಹೊಸ ಒಳಮೂಲೆಯನ್ನು ಒತ್ತಬೇಕು. ಎಲ್ಲ ಮುಗಿದ ಮೇಲೆ `Ctrl+Q` ಒತ್ತಿದರೆ ಇಡೀ ಮಾದರಿ ಮೊದಲಿನಿಂದ ಕಟ್ಟಿಕೊಳ್ಳುತ್ತದೆ. `Ctrl+B` ಬದಲಾದದ್ದನ್ನಷ್ಟೇ ನೋಡುತ್ತದೆ. ಗುರುತೆಲ್ಲ ಹೋದರೂ ಒಮ್ಮೆ ಉದ್ದವನ್ನು 100 ಮಾಡಿ, ತೂತು ತುದಿಯ ಜೊತೆ ಸರಿಯಿತೇ ಎಂದು ನೋಡಿ, ಮತ್ತೆ 80ಕ್ಕೆ ತರುವುದು ಒಳ್ಳೆಯದು.

ಇಷ್ಟೆಲ್ಲ ಕೆಲಸವನ್ನು ಬಹುಪಾಲು ತಪ್ಪಿಸಬಹುದಿತ್ತು. ಹಳೆಯ ಗೆರೆಯನ್ನು ಅಳಿಸುವ ಬದಲು, ಒಳಮೂಲೆಯ ಕಡೆಯ ಅದರ ತುದಿಯನ್ನು ಬಿಡಿಸಿ 30 ಮಿ.ಮೀ. ಹಿಂದಕ್ಕೆ ಎಳೆದು, ಖಾಲಿಯಾದ ಜಾಗದಲ್ಲಿ ಮೆಟ್ಟಿಲಿನ ಎರಡು ಗೆರೆ ಸೇರಿಸಿ, ನಿಂತ ಗೆರೆಯ ಬುಡವನ್ನು ಮೇಲಕ್ಕೆ ತಂದು ಕೂಡಿಸಿದರೆ ಸಾಕಿತ್ತು. ತಗ್ಗಿನ ಮೇಲ್ಮೈ ಹಳೆಯ ಗೆರೆಯದೇ ಆಗಿ ಉಳಿದು, ತೂತು, ಅದರ ಅಳತೆ, ಪ್ರತಿಬಿಂಬ ಮೂರೂ ಕದಲುತ್ತಿರಲಿಲ್ಲ. ರಿಪೇರಿಗೆ ಉಳಿಯುವುದು ಹೆಚ್ಚೆಂದರೆ `Fillet1` ಒಂದೇ. ಅಳಿಸಲೇಬೇಕಾದರೆ ಹೊಸ ಆವೃತ್ತಿಗಳಲ್ಲಿ `Replace Entity` ಎಂಬ ಆಯ್ಕೆಯಿದೆ. ಹಳೆಯ ಗೆರೆಯ ಸಂಬಂಧಗಳನ್ನು ಅದು ಹೊಸದಕ್ಕೆ ದಾಟಿಸುತ್ತದೆ. ಗೆರೆ ಮುಟ್ಟುವ ಮೊದಲು ಫೀಚರಿನ ಮೇಲೆ ಬಲಕ್ಲಿಕ್ ಮಾಡಿ `Parent/Child` ನೋಡಿದರೆ ಯಾರೆಲ್ಲ ಅದನ್ನು ನಂಬಿದ್ದಾರೆ ಎಂಬುದೂ ತಿಳಿಯುತ್ತದೆ.

ಎಲ್ಲ ಅಳತೆಯನ್ನೂ ಮೂಲ ಸಮತಲಗಳಿಂದಲೇ ಕೊಡಿ, ಅಂಚು ಮುಟ್ಟಲೇಬೇಡಿ ಎಂದು ಕೆಲವರು ಹೇಳುತ್ತಾರೆ. ನಾನು ಅಷ್ಟು ದೂರ ಹೋಗಲಾರೆ. ಬೋಲ್ಟು ನಿಂತ ಭಾಗದಿಂದ ಇಂತಿಷ್ಟು ದೂರವಿರಬೇಕೆಂದಿದ್ದರೆ ಮೂಲ ಸಮತಲದಿಂದ ಅಳೆಯುವುದೇ ಸರಿ. ತುದಿಯಿಂದ ಲೋಹ ಹರಿಯದಷ್ಟು ಅಂತರ ಬೇಕೆಂದೇ ಆ 20 ಬಂದಿದ್ದರೆ ತುದಿಯಿಂದಲೇ ಅಳೆಯಬೇಕು, ಆ ಕೊಂಡಿ ಎಂದಾದರೂ ಕಳಚಿದರೆ ಮತ್ತೆ ಜೋಡಿಸಬೇಕು.